ತಿರುಚಿದ ಹೂದಾನಿಯ ಒಂದೇ ಮಗ್ಗುಲು ಹರಿದುಹೋಗುತ್ತಿದೆ: ಸ್ಪೈರಲ್ ವೇಸ್ ಮೋಡ್‌ಗೆ ಆಕಾರವನ್ನು ಹೇಗೆ ಇಡಬೇಕು?

ಗಂಗಾವತಿ ಹೂವಿನಂಗಡಿ
ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮ ತಂದೆಯವರ ಹೂವಿನಂಗಡಿ ಇದೆ. ಮದುವೆಯ ಮೇಜುಗಳ ಮೇಲೆ ಸುಗಂಧರಾಜ ಇಡುವುದಕ್ಕೆ ಇಪ್ಪತ್ತು ಹೂದಾನಿಗಳನ್ನು ನಾನೇ ಮುದ್ರಿಸಿಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಎತ್ತರ 180 ಮಿಮೀ. ತಳದ ತ್ರಿಜ್ಯ 36, ಹೊಟ್ಟೆಯ ಹತ್ತಿರ 50, ಮೇಲೆ ಬಾಯಿಯ ಬಳಿ 31ಕ್ಕೆ ಕಿರಿದಾಗುತ್ತದೆ. ಸುತ್ತಲೂ ಹತ್ತು ಎಸಳುಗಳು. ಪ್ರತಿ ಎಸಳು ಸರಾಸರಿ ದುಂಡಿನಿಂದ 5 ಮಿಮೀ ಹೊರಗೆ ಉಬ್ಬುತ್ತದೆ, ಎರಡು ಎಸಳುಗಳ ನಡುವೆ 5 ಮಿಮೀ ಒಳಗೆ ತಗ್ಗುತ್ತದೆ. ತಳದಿಂದ ಬಾಯಿಯವರೆಗೆ ಒಟ್ಟು ಒಂದೂವರೆ ಸುತ್ತು, ಅಂದರೆ 540 ಡಿಗ್ರಿ ತಿರುವು.

ಮುದ್ರಣ ಸ್ಪೈರಲ್ ವೇಸ್ ಮೋಡ್‌ನಲ್ಲಿ. ನಾಜಲ್ 0.4, ಗೆರೆಯ ಅಗಲ 0.45, ಪದರ 0.2, ಫಿಲಮೆಂಟ್ ಪಿಎಲ್‌ಎ. ಎರಡು ಸಲ ಮುದ್ರಿಸಿದೆ, ಎರಡು ಸಲವೂ ಒಂದೇ ಬಗೆಯ ದೋಷ. ಪ್ರತಿ ಎಸಳಿನ ಒಂದು ಮಗ್ಗುಲು ಹರಿದು ದಾರದ ಹಾಗೆ ಜೋತುಬಿದ್ದಿದೆ, ಇನ್ನೊಂದು ಮಗ್ಗುಲು ಗಾಜಿನಷ್ಟು ನಯವಾಗಿದೆ. ಹತ್ತೂ ಎಸಳುಗಳಲ್ಲಿ ಅದೇ ಬಲಮಗ್ಗುಲು. ಮುದ್ರಕದ ದೋಷವಾಗಿದ್ದರೆ ಇಷ್ಟು ಲೆಕ್ಕಾಚಾರವಾಗಿ ಬರುತ್ತದೆಯೇ? ಬಿಡಿಸಿದ ಆಕಾರವೇ ತಪ್ಪೇ?

ಶಕ್ತಿನಗರ ಸಂಜೆ
ಇದು ಬೆಲ್ಟ್ ಸಡಿಲವಾಗಿರುವ ಲಕ್ಷಣ ತಮ್ಮಾ. ಎಕ್ಸ್ ಅಕ್ಷದ ಬೆಲ್ಟ್ ಬಿಗಿ ಮಾಡು, ಉಷ್ಣತೆಯನ್ನು ಹತ್ತು ಡಿಗ್ರಿ ಇಳಿಸು. ಜೋತುಬೀಳುವ ಕಡೆ ಸಪೋರ್ಟ್ ಹಾಕಿದರೆ ಮುಗಿಯಿತು. ನಾನು ಗಣೇಶನ ಮೂರ್ತಿ ಮುದ್ರಿಸುವಾಗ ಕೈಗಳ ಕೆಳಗೆ ಹಾಗೆಯೇ ಮಾಡಿದ್ದೆ.

ಕೊಪ್ಪಳ ಪಾಠಮನೆ
ಸರ್, ವೇಸ್ ಮೋಡ್‌ನಲ್ಲಿ ಸಪೋರ್ಟ್ ಹಾಕುವುದಕ್ಕೆ ಆಗುವುದಿಲ್ಲ. ಗೋಡೆ ಎಂದರೆ ತಳದಿಂದ ಬಾಯಿಯವರೆಗೆ ಕಡಿಯದೆ ಏರುವ ಒಂದೇ ಎಳೆ. ನಾಜಲ್ ಆ ಎಳೆಯನ್ನು ಬಿಟ್ಟು ಬೇರೆಲ್ಲಿಗೂ ಹೋಗಿ ಬರುವುದಿಲ್ಲ. ಆದ್ದರಿಂದ ಸ್ಲೈಸರ್ ಸಪೋರ್ಟನ್ನು ತಾನೇ ತೆಗೆದುಹಾಕುತ್ತದೆ. ಬೆಲ್ಟ್ ಸಡಿಲವಾಗಿದ್ದರೆ ದೋಷವು ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಕಾಣಿಸಬೇಕಿತ್ತು. ಹತ್ತು ಎಸಳುಗಳಲ್ಲೂ ಸಮನಾಗಿ ಬಂದಿದೆ ಎಂದರೆ ಅದು ಆಕಾರದಿಂದಲೇ ಬಂದದ್ದು.

ಗಂಗಾವತಿಯವರೇ, ಒಂದು ಪರೀಕ್ಷೆ ಮಾಡಿ. ಹಾಳಾದ ಹೂದಾನಿಯ ಒಳಗೆ ಬೆರಳು ಹಾಕಿ, ಹೊರಗಿನಿಂದ ನಯವಾಗಿ ಕಾಣುವ ಆ ಎಡಮಗ್ಗುಲನ್ನು ಒಳಗಿನಿಂದ ಸವರಿ ನೋಡಿ. ಏನು ಸಿಕ್ಕಿತು ಎಂದು ಇಲ್ಲಿ ಬರೆಯಿರಿ. ಲೆಕ್ಕಕ್ಕೆ ಆಮೇಲೆ ಬರೋಣ.

ಗಂಗಾವತಿ ಹೂವಿನಂಗಡಿ
ಸವರಿದೆ ಸರ್. ಒಳಗಡೆ ಎಡಮಗ್ಗುಲಿನಲ್ಲೂ ದಾರಗಳು ಜೋತಿವೆ! ಹೊರಗಿನಿಂದ ಒಂದಿಷ್ಟೂ ತಿಳಿಯುತ್ತಿರಲಿಲ್ಲ. ತಳದ ಹತ್ತಿರ ಕಡಿಮೆ, ಹೊಟ್ಟೆಯಿಂದ ಮೇಲಕ್ಕೆ ಹೋದಂತೆ ಹೆಚ್ಚು. ಮೊಬೈಲ್ ಟಾರ್ಚನ್ನು ಒಳಗಿಟ್ಟು ನೋಡಿದರೆ ಎರಡೂ ಮಗ್ಗುಲುಗಳಲ್ಲಿ ಬೆಳಕು ಹೆಚ್ಚಾಗಿ ಹಾಯುತ್ತದೆ. ಎಸಳಿನ ತುದಿಯಲ್ಲಿ, ತಗ್ಗಿನಲ್ಲಿ ಮಾತ್ರ ಗೋಡೆ ಮಂದವಾಗಿದೆ.

ಕೊಪ್ಪಳ ಪಾಠಮನೆ
ಹಾಗಿದ್ದರೆ ಕಾರಣ ಸಿಕ್ಕಿತು. ಹಗ್ಗದ ಸಿಂಬೆಯನ್ನು ಸುತ್ತಿ ಸುತ್ತಿ ಒಂದು ಗೋಡೆ ಎಬ್ಬಿಸುತ್ತೀರಿ ಎಂದುಕೊಳ್ಳಿ. ಪ್ರತಿ ಸುತ್ತು ಕೆಳಗಿನ ಸುತ್ತಿನ ಮೇಲೆ ಕೂರಬೇಕು. ಸ್ವಲ್ಪ ಹೊರಗೆ ಸರಿಸಿ ಕೂರಿಸಿದರೆ ನಿಲ್ಲುತ್ತದೆ, ಹಗ್ಗದ ದಪ್ಪದಷ್ಟೇ ಸರಿಸಿದರೆ ಕೆಳಕ್ಕೆ ಜಾರುತ್ತದೆ. ಒಳಗೆ ಸರಿಸಿದರೂ ಅದೇ ಕಥೆ, ಆದರೆ ಜಾರಿದ ಹಗ್ಗ ಒಳಗೆ ಬೀಳುವುದರಿಂದ ಹೊರಗಿನವರಿಗೆ ಕಾಣುವುದಿಲ್ಲ. ಸಾಮಾನ್ಯ ಮುದ್ರಣದಲ್ಲಿ ಎರಡು ಮೂರು ಗೋಡೆಗಳಿರುತ್ತವೆ, ಒಳಗೆ ತುಂಬಣವೂ ಇರುತ್ತದೆ, ಒಂದು ಎಳೆ ಜಾರಿದರೂ ಪಕ್ಕದ್ದು ಹಿಡಿದುಕೊಳ್ಳುತ್ತದೆ. ಇಲ್ಲಿ ಪಕ್ಕದ್ದೇ ಇಲ್ಲ.

ತಿರುಚಿದ ಎಸಳಿನಲ್ಲಿ ಏನಾಗುತ್ತದೆ ನೋಡಿ. ಪದರ ಏರಿದಂತೆ ಇಡೀ ಎಸಳು ಪಕ್ಕಕ್ಕೆ ನಡೆಯುತ್ತದೆ. ಅದು ನಡೆಯುವ ದಿಕ್ಕಿನ ಮಗ್ಗುಲಿನಲ್ಲಿ ಗೋಡೆ ಹೊರಕ್ಕೆ ವಾಲುತ್ತದೆ, ಬಿಟ್ಟು ಬಂದ ಮಗ್ಗುಲಿನಲ್ಲಿ ಒಳಕ್ಕೆ ವಾಲುತ್ತದೆ. ತಳದಿಂದ ಹೊಟ್ಟೆಯವರೆಗೆ ಹೂದಾನಿಯೇ ಹೊರಕ್ಕೆ ಅರಳುತ್ತಿರುವುದರಿಂದ ಹೊರಮಗ್ಗುಲಿಗೆ ಎರಡು ವಾಲುಗಳು ಕೂಡಿಕೊಳ್ಳುತ್ತವೆ. ಹೊಟ್ಟೆ ದಾಟಿದ ಮೇಲೆ ಹೂದಾನಿ ಒಳಕ್ಕೆ ಬಾಗುವುದರಿಂದ ಒಳಮಗ್ಗುಲಿನ ಕಷ್ಟ ಹೆಚ್ಚುತ್ತದೆ. ನಿಮ್ಮ ಬೆರಳಿಗೆ ಸಿಕ್ಕದ್ದು ಅದೇ.

ಸಿರುಗುಪ್ಪ ಕಾರ್ಯಾಗಾರ
ಇಷ್ಟು ಸುತ್ತಿ ಹೇಳುವ ಅಗತ್ಯವಿಲ್ಲ ಎಂದು ನನಗೆ ಅನಿಸುತ್ತದೆ. ಸುಲಭ ಸೂತ್ರ ಇದೆ. ಎಸಳಿನ ಏಣು ನೆಟ್ಟಗಿನ ಗೆರೆಯಿಂದ ಎಷ್ಟು ವಾಲಿದೆ ಎಂದು ಅಳೆಯಿರಿ. ಅದು 45 ಡಿಗ್ರಿ ದಾಟಬಾರದು, ಅಷ್ಟೇ. ಇವರ ಹೂದಾನಿಯಲ್ಲಿ ಹೊಟ್ಟೆಯ ಹತ್ತಿರ 69 ಡಿಗ್ರಿ ಬರುತ್ತದೆ, ಏಣುಗಳು ಹೆಚ್ಚುಕಡಿಮೆ ಮಲಗಿಬಿಟ್ಟಿವೆ. ನಾನು ಬಳ್ಳಾರಿಯ ಒಂದು ಅಂಗಡಿಗೆ ಮಾಡಿಕೊಟ್ಟ ಎಲ್ಲ ಹೂದಾನಿಗಳಲ್ಲೂ ಈ ನಿಯಮ ಪಾಲಿಸಿದ್ದೇನೆ, ಒಂದೂ ಹಾಳಾಗಿಲ್ಲ.

ಇನ್ನೊಂದು ಮಾತು. ಓಪನ್‌ಸ್ಕ್ಯಾಡ್‌ನಲ್ಲಿ `linear_extrude` ಬಳಸಿದರೆ ಹೊಟ್ಟೆ ಬರುವುದಿಲ್ಲ, ಏಕೆಂದರೆ ಅದರ `scale` ನೇರ ಗೆರೆಯಲ್ಲೇ ಹಿಗ್ಗುತ್ತದೆ. ತೆಳುವಾದ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು, ಎರಡೆರಡನ್ನು `hull()` ಮಾಡುತ್ತಾ ಹೋಗಿ.

ಕೊಪ್ಪಳ ಪಾಠಮನೆ
ಸಿರುಗುಪ್ಪದವರ ನಿಯಮ ಪಾಲಿಸಿದವರಿಗೆ ಹೂದಾನಿ ಹಾಳಾಗುವುದು ಅಪರೂಪ, ಅದು ನಿಜ. ಆದರೆ ಆ ನಿಯಮ ಅಗತ್ಯಕ್ಕಿಂತ ಬಿಗಿಯಾಗಿದೆ, ಅದನ್ನೇ ಹಿಡಿದರೆ ಒಳ್ಳೆಯ ಆಕಾರಗಳನ್ನೂ ಕೈಬಿಡಬೇಕಾಗುತ್ತದೆ. ದುಂಡು ಕೊಳವೆಯ ಮೇಲೆ ಒಂದು ಗೆರೆ ಎಳೆದು ಕೊಳವೆಯನ್ನು ಹತ್ತು ಸುತ್ತು ತಿರುಚಿದೆವು ಎನ್ನೋಣ. ಗೆರೆ ಪೂರ್ತಿ ಮಲಗುತ್ತದೆ, ಗೋಡೆ ಮಾತ್ರ ನೆಟ್ಟಗೇ ಇರುತ್ತದೆ, ಏಕೆಂದರೆ ವೃತ್ತ ತನ್ನ ಮೇಲೆ ತಾನೇ ಜಾರಿಕೊಳ್ಳುತ್ತದೆ. ಹಾಗಾಗಿ ಏಣಿನ ವಾಲು ಒಂದು ಮೇಲ್ಮಿತಿ. ತಿರುವಿನಿಂದ ಬರುವ ವಾಲು ಅದನ್ನು ಎಂದೂ ದಾಟುವುದಿಲ್ಲ, ಆದರೆ ಅದಕ್ಕಿಂತ ಬಹಳ ಕಡಿಮೆ ಇರಬಹುದು. ಮುದ್ರಕಕ್ಕೆ ಬೇಕಾದದ್ದು ಗೋಡೆಯ ವಾಲು.

ಗಂಗಾವತಿಯವರ ಲೆಕ್ಕವನ್ನೇ ಮಾಡೋಣ. 540 ಡಿಗ್ರಿ ಎಂದರೆ 9.42 ರೇಡಿಯನ್. ಅದನ್ನು 180 ಮಿಮೀ ಎತ್ತರದಿಂದ ಭಾಗಿಸಿದರೆ ಪ್ರತಿ ಮಿಮೀಗೆ 0.0523. ಇದನ್ನು ತಿರುವಿನ ದರ ಎನ್ನುತ್ತೇನೆ. ಎಸಳಿನ ಆಳ 5, ಎಸಳುಗಳು 10, ದರ 0.0523, ಮೂರನ್ನೂ ಗುಣಿಸಿದರೆ 2.62. ಅಂದರೆ ಒಂದು ಮಿಮೀ ಏರುವಷ್ಟರಲ್ಲಿ ಎಸಳಿನ ಮಗ್ಗುಲು ಕೇಂದ್ರದಿಂದ 2.62 ಮಿಮೀ ದೂರ ಸರಿಯುತ್ತದೆ. ಆದರೆ ಎಳೆಯ ಮೇಲೆ ಎಳೆ ಕೂರುವುದನ್ನು ಗೋಡೆಗೆ ಅಡ್ಡಲಾಗಿ ಅಳೆಯಬೇಕು. ಮಗ್ಗುಲಿನಲ್ಲಿ ಗೋಡೆ ಓರೆಯಾಗಿ ನಿಂತಿರುವುದರಿಂದ ಆ ದೂರ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ? ಆಳ ಗುಣಿಸು ಎಸಳು, ಅಂದರೆ 50. ಹೊಟ್ಟೆಯ ತ್ರಿಜ್ಯವೂ 50. ಇವೆರಡರ ಅನುಪಾತದ ವರ್ಗಕ್ಕೆ ಒಂದನ್ನು ಕೂಡಿಸಿ ವರ್ಗಮೂಲ ತೆಗೆದರೆ 1.41. ಅದರಿಂದ ಭಾಗಿಸಿದರೆ 1.85.

ಈಗ ನಿಮ್ಮ ಪದರ 0.2. ಪ್ರತಿ ಸುತ್ತಿಗೆ ಎಳೆ 0.37 ಮಿಮೀ ಪಕ್ಕಕ್ಕೆ ಸರಿಯುತ್ತಿದೆ. ಎಳೆಯ ಅಗಲವೇ 0.45. ಐದರಲ್ಲಿ ನಾಲ್ಕು ಪಾಲು ಗಾಳಿಯಲ್ಲಿದೆ. ಗೋಡೆಯ ವಾಲು 62 ಡಿಗ್ರಿ. ಅದು ಜಾರದೆ ಇನ್ನೇನು ಮಾಡೀತು?

ಒಂಟಿ ಎಳೆಗೆ ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ: ಪ್ರತಿ ಸುತ್ತಿನ ಸರಿತ ಎಳೆಯ ಅಗಲದ ಮೂರನೇ ಒಂದು ಪಾಲಿನೊಳಗೆ ಇದ್ದರೆ ನೆಮ್ಮದಿ, ಅರ್ಧ ತಲುಪಿದರೆ ಅದೃಷ್ಟ. ಕೇವಲ ಡಿಗ್ರಿ ಹೇಳಿದರೆ ಸಾಲದು, ಪದರದ ಎತ್ತರವೂ ಎಳೆಯ ಅಗಲವೂ ಅದರಲ್ಲಿ ಸೇರಿಕೊಂಡಿವೆ.

`hull()` ಬಗ್ಗೆ: ದಯವಿಟ್ಟು ಬೇಡ. ಏಕೆ ಎಂದು ಮಾಡಿ ನೋಡಿದರೆ ತಾನೇ ತಿಳಿಯುತ್ತದೆ.

ಕಿನ್ನಾಳದ ಹುಡುಗಿ
ನನ್ನದೊಂದು ಇದೇ ಬಗೆಯ ತೊಂದರೆ ಇದೆ, ಇಲ್ಲೇ ಕೇಳಬಹುದೇ? ನಮ್ಮ ಮನೆಯಲ್ಲಿ ತಲೆಮಾರಿನಿಂದ ಮರದ ಬೊಂಬೆ ಮಾಡುತ್ತಾರೆ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ ಬಣ್ಣ ಹಚ್ಚುತ್ತಾರೆ. ನಾನು ಅದೇ ಬಣ್ಣದ ಅಂಚುಪಟ್ಟಿಗಳನ್ನು ಒಂದು ದೀಪದ ಹೊದಿಕೆಯ ಮೇಲೆ ಬರೆಯಬೇಕೆಂದಿದ್ದೇನೆ. ನನ್ನದು ಎಸಳಲ್ಲ, ಚೌಕ. ಬದಿ 90 ಮಿಮೀ, ಎತ್ತರ 200, ತಿರುವು 270 ಡಿಗ್ರಿ. ಮೂಲೆಗಳ ಹತ್ತಿರ ಹರಿಯುತ್ತದೆ, ಬದಿಯ ನಡುಭಾಗ ಎಷ್ಟು ಎತ್ತರಕ್ಕೂ ಅಚ್ಚುಕಟ್ಟಾಗಿರುತ್ತದೆ. ಮೂಲೆಯಲ್ಲಿ ನಾಜಲ್ ನಿಧಾನವಾಗುವುದರಿಂದ ಹೀಗಾಗುತ್ತಿದೆ ಎಂದು ವೇಗವನ್ನೆಲ್ಲ ಇಳಿಸಿದ್ದೆ, ಪ್ರಯೋಜನವಾಗಲಿಲ್ಲ.

ಕೊಪ್ಪಳ ಪಾಠಮನೆ
ಅಕ್ಕಾ, ನಿಮ್ಮದು ಇನ್ನೂ ಚೊಕ್ಕ ಉದಾಹರಣೆ. ಚಪ್ಪಟೆ ಬದಿಯನ್ನು ಕೇಂದ್ರದ ಸುತ್ತ ತಿರುಗಿಸಿದಾಗ ಅದರ ನಡುಭಾಗ ಬದಿಯ ಉದ್ದಕ್ಕೇ ಜಾರುತ್ತದೆ, ಹೊರಕ್ಕೂ ಇಲ್ಲ, ಒಳಕ್ಕೂ ಇಲ್ಲ. ನಡುವಿನಿಂದ ಮೂಲೆಯ ಕಡೆ ಹೋದಂತೆ ಅಡ್ಡ ಸರಿತ ಒಂದೇ ಸಮನೆ ಹೆಚ್ಚುತ್ತದೆ. ಬದಿಯ ಅರ್ಧ ಉದ್ದವನ್ನು ತಿರುವಿನ ದರದಿಂದ ಗುಣಿಸಿದರೆ ಮೂಲೆಯ ವಾಲು ಸಿಗುತ್ತದೆ. ನಿಮ್ಮದರಲ್ಲಿ 270 ಡಿಗ್ರಿ ಎಂದರೆ 4.71 ರೇಡಿಯನ್, 200ರಿಂದ ಭಾಗಿಸಿದರೆ 0.0236, ಅದನ್ನು 45ರಿಂದ ಗುಣಿಸಿದರೆ 1.06. ಅಂದರೆ 47 ಡಿಗ್ರಿ. ತಿರುವನ್ನು 180ಕ್ಕೆ ಇಳಿಸಿದರೆ ಅದೇ ಮೂಲೆ 35 ಡಿಗ್ರಿಗೆ ಬರುತ್ತದೆ.

ವೇಗದ ಬಗ್ಗೆ ನೀವು ಅಂದುಕೊಂಡದ್ದು ಪೂರ್ತಿ ತಪ್ಪಲ್ಲ. ಮೊನಚು ಮೂಲೆಯಲ್ಲಿ ತಿರುಗುವಾಗ ಪ್ಲಾಸ್ಟಿಕ್ ಸ್ವಲ್ಪ ಉಬ್ಬುತ್ತದೆ. ಮೂಲೆಗೆ 6 ಮಿಮೀ ತ್ರಿಜ್ಯದ ದುಂಡು ಕೊಡಿ. ಉಬ್ಬು ಹೋಗುತ್ತದೆ, ಜೊತೆಗೆ ಚಪ್ಪಟೆ ಭಾಗದ ಅರ್ಧ ಉದ್ದ 45ರಿಂದ 39ಕ್ಕೆ ಇಳಿಯುವುದರಿಂದ ವಾಲೂ ಅಷ್ಟು ಕಡಿಮೆಯಾಗುತ್ತದೆ.

ಗಂಗಾವತಿ ಹೂವಿನಂಗಡಿ
ನಿನ್ನೆ ರಾತ್ರಿ `hull()` ಪ್ರಯತ್ನಿಸಿದೆ. ಎಸಳುಗಳ ನಡುವಿನ ತಗ್ಗುಗಳೆಲ್ಲ ಮುಚ್ಚಿಹೋಗಿ, ಹತ್ತು ಮೂಲೆಗಳ ಡಬ್ಬಿಯಂತೆ ಬಂತು. ಎರಡು ಬಿಲ್ಲೆಗಳಿಗೆ ಹೊರಗಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಹಾಗೆ ಅದು ಕೆಲಸ ಮಾಡುತ್ತದೆ ಎಂದು ಈಗ ಗೊತ್ತಾಯಿತು. ಹಾಗಾದರೆ ಹೊಟ್ಟೆಯೂ ಬೇಕು, ತಗ್ಗೂ ಉಳಿಯಬೇಕು ಎಂದರೆ ದಾರಿ ಯಾವುದು? ತಿರುವನ್ನು ಎಷ್ಟಕ್ಕೆ ಇಳಿಸಲಿ? ತಂದೆಯವರಿಗೆ ಸುತ್ತಿಕೊಂಡು ಹೋಗುವ ಆ ನೋಟವೇ ಇಷ್ಟವಾಗಿದೆ, ಪೂರ್ತಿ ಕಳೆದುಕೊಳ್ಳಲು ಮನಸ್ಸಿಲ್ಲ.

ಸಿರುಗುಪ್ಪ ಕಾರ್ಯಾಗಾರ
ನನ್ನ ಹೂದಾನಿಗಳೆಲ್ಲ ಆರು ಮೂಲೆಯವು, ತಗ್ಗುಗಳಿಲ್ಲದವು, ಅದಕ್ಕೇ `hull()` ನನಗೆ ನಡೆದಿತ್ತು. ತಗ್ಗಿದ್ದರೆ ಅದು ನಡೆಯುವುದಿಲ್ಲ, ಒಪ್ಪಿದೆ. ನಿಮ್ಮ ಒಂದು ರಾತ್ರಿ ವ್ಯರ್ಥವಾದುದಕ್ಕೆ ಕ್ಷಮಿಸಿ.

ಕೊಪ್ಪಳ ಪಾಠಮನೆ
ಮೂರು ಸಂಖ್ಯೆಗಳ ಗುಣಲಬ್ಧವೇ ವಾಲನ್ನು ತರುತ್ತದೆ ಎಂದೆನಲ್ಲವೇ. ಹಾಗಾಗಿ ತಿರುವನ್ನೊಂದನ್ನೇ ಕತ್ತರಿಸಬೇಕಿಲ್ಲ, ಮೂರನ್ನೂ ಸ್ವಲ್ಪ ಸ್ವಲ್ಪ ಇಳಿಸಬಹುದು. ಎಸಳು 8, ಆಳ 4, ತಿರುವು 240 ಇಡಿ. ದರ 0.0233 ಆಗುತ್ತದೆ, ಗುಣಲಬ್ಧ 0.745. ಅತಿ ಕಷ್ಟದ ಜಾಗ ತಳದ ಸ್ವಲ್ಪ ಮೇಲೆ. ಅಲ್ಲಿ ಹೂದಾನಿ ತಾನೇ ಪ್ರತಿ ಮಿಮೀಗೆ 0.27 ಹೊರಕ್ಕೆ ಅರಳುತ್ತಿದೆ. ಎರಡೂ ಕೂಡಿ 1.02, ಓರೆಗಾಗಿ ಭಾಗಿಸಿದರೆ 0.76, ಅಂದರೆ 37 ಡಿಗ್ರಿ. ಹೊಟ್ಟೆಯಲ್ಲಿ 32, ಬಾಯಿಯ ಹತ್ತಿರ 35. ಏಣುಗಳು ಮಾತ್ರ ಹೊಟ್ಟೆಯ ಮೇಲೆ 49 ಡಿಗ್ರಿ ವಾಲಿರುತ್ತವೆ. ನಿಮ್ಮ ತಂದೆಯವರಿಗೆ ಬೇಕಾದ ಸುತ್ತು ಕಣ್ಣಿಗೆ ಉಳಿಯುತ್ತದೆ, ಗೋಡೆಗೆ ಅಷ್ಟು ಭಾರ ಬೀಳುವುದಿಲ್ಲ. 45ರ ನಿಯಮ ಹಿಡಿದಿದ್ದರೆ ಈ ಆಕಾರವನ್ನು ಬಿಟ್ಟುಬಿಡುತ್ತಿದ್ದೆವು.

ಓಪನ್‌ಸ್ಕ್ಯಾಡ್‌ನಲ್ಲಿ ಬಿಂದುಗಳನ್ನು ನಾವೇ ಇಟ್ಟು ಮೈ ಹೊದಿಸುವುದು ಒಳ್ಳೆಯದು:

```
H=180; n=8; A=4; T=240; M=240; K=180;
function R(t) = 36 + 14*sin(200*t);
function p(i,j) = let(t=j/K, f=360*i/M, r=R(t)+A*cos(n*f))
  [r*cos(f+T*t), r*sin(f+T*t), H*t];
function v(i,j) = j*M + i%M;
pts = [for(j=[0:K]) for(i=[0:M-1]) p(i,j)];
s1 = [for(j=[0:K-1]) for(i=[0:M-1]) [v(i,j), v(i,j+1), v(i+1,j)]];
s2 = [for(j=[0:K-1]) for(i=[0:M-1]) [v(i,j+1), v(i+1,j+1), v(i+1,j)]];
polyhedron(pts, concat([[for(i=[0:M-1]) i]], s1, s2,
  [[for(i=[M-1:-1:0]) v(i,K)]]), convexity=6);
```

`R(t)` ಸಾಲು ಪಕ್ಕದ ರೇಖೆಯನ್ನು ಬರೆಯುತ್ತದೆ. ಹೊಟ್ಟೆ ದೊಡ್ಡದಾಗಬೇಕಾದರೆ 14ನ್ನು ಬದಲಿಸಿ, ಆದರೆ ವಾಲಿನ ಲೆಕ್ಕವನ್ನು ಮತ್ತೆ ಮಾಡಿ. ಇದು ಪೂರ್ತಿ ತುಂಬಿದ ಗಟ್ಟಿ ಆಕಾರ ಎಂಬುದನ್ನು ಗಮನಿಸಿ. ಒಳಗೆ ಟೊಳ್ಳು ಮಾಡಬೇಡಿ. ಗೋಡೆಯ ದಪ್ಪವನ್ನು ಗೆರೆಯ ಅಗಲವೇ ಕೊಡುತ್ತದೆ, ಆಕಾರದಿಂದ ಸ್ಲೈಸರ್‌ಗೆ ಬೇಕಾದದ್ದು ಪ್ರತಿ ಎತ್ತರದಲ್ಲೂ ಒಂದೇ ಒಂದು ಮುಚ್ಚಿದ ಹೊರಗೆರೆ.

ಶಕ್ತಿನಗರ ಸಂಜೆ
ಬೆಲ್ಟ್ ವಿಷಯದಲ್ಲಿ ನಾನು ಅವಸರಪಟ್ಟೆ. ಆದರೆ ಈಗ ಒಂದು ನಿಜವಾದ ಸಂದೇಹ. ಇದೇ ಬಗೆಯ ಆಕಾರವನ್ನು ನಾನೇ ಬರೆದುಕೊಂಡು ನೋಡಿದೆ. ಪರದೆಯ ಮೇಲೆಯೇ ಏಣಿನ ಉದ್ದಕ್ಕೂ ಗರಗಸದ ಹಲ್ಲಿನಂತಹ ಗುರುತುಗಳು ಕಾಣುತ್ತಿವೆ. ಮೇಲಿನ ಬರಹದಲ್ಲಿ ಹಾಗೆ ಕಾಣುವುದಿಲ್ಲ. ನನ್ನ ಬಿಂದುಗಳೂ ಅಷ್ಟೇ ಇವೆ, ತಪ್ಪು ಎಲ್ಲಿದೆ?

ಕೊಪ್ಪಳ ಪಾಠಮನೆ
ಸರ್, ನಾಲ್ಕು ಬಿಂದುಗಳ ಪ್ರತಿ ಚೌಕವನ್ನು ಎರಡು ತ್ರಿಕೋನ ಮಾಡುವಾಗ ನೀವು ಯಾವ ಕರ್ಣವನ್ನು ಆರಿಸಿದ್ದೀರಿ ನೋಡಿ. ತಿರುವಿನಿಂದಾಗಿ ಪ್ರತಿ ಚೌಕವೂ ಬಲಕ್ಕೆ ವಾಲಿರುತ್ತದೆ. ಮೇಲಿನ ಎಡ ಬಿಂದು ಹೆಚ್ಚುಕಡಿಮೆ ಕೆಳಗಿನ ಬಲ ಬಿಂದುವಿನ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತದೆ. ಅವೆರಡನ್ನು ಕೂಡಿಸಿದರೆ ಕರ್ಣ ಗಿಡ್ಡ, ಮೈ ನಯ. ಇನ್ನೊಂದು ಜೋಡಿಯನ್ನು ಕೂಡಿಸಿದರೆ ಉದ್ದನೆಯ ಕರ್ಣ ಎಸಳಿನ ಉಬ್ಬನ್ನು ಕೊಯ್ದುಕೊಂಡು ಹೋಗುತ್ತದೆ, ಹಲ್ಲುಗಳು ಅದರಿಂದಲೇ. ಎದುರು ದಿಕ್ಕಿಗೆ ತಿರುಚಬೇಕಾದರೆ `T`ಗೆ ಋಣ ಚಿಹ್ನೆ ಕೊಟ್ಟರೆ ಸಾಲದು, `s1`, `s2`ಗಳ ಕರ್ಣವನ್ನೂ ಬದಲಿಸಬೇಕು. ಅದಕ್ಕಿಂತ ಸುಲಭ ಎಂದರೆ ಸ್ಲೈಸರ್‌ನಲ್ಲಿ ಆಕಾರವನ್ನು ಕನ್ನಡಿ ಪ್ರತಿ ಮಾಡುವುದು.

ಶಕ್ತಿನಗರ ಸಂಜೆ
ಕರ್ಣ ಬದಲಿಸಿದೆ, ಹಲ್ಲುಗಳು ಹೋದವು. ಧನ್ಯವಾದ.

ಗಂಗಾವತಿ ಹೂವಿನಂಗಡಿ
ಇನ್ನು ಸ್ಲೈಸರ್ ಕಡೆಗೆ. ಗೆರೆಯ ಅಗಲವನ್ನು 0.6 ಮಾಡಬಹುದೇ? ನಾಜಲ್ ರಂಧ್ರ 0.4 ಮಾತ್ರವಲ್ಲವೇ?

ಸಿರುಗುಪ್ಪ ಕಾರ್ಯಾಗಾರ
ಮಾಡಬಹುದು, ನಾನು ಯಾವಾಗಲೂ ಹಾಗೆಯೇ ಮಾಡುತ್ತೇನೆ. ನಾಜಲ್ ತುದಿಯಲ್ಲಿ ರಂಧ್ರದ ಸುತ್ತ ಚಪ್ಪಟೆ ಅಂಚು ಇರುತ್ತದೆ. ಹೆಚ್ಚು ಪ್ಲಾಸ್ಟಿಕ್ ಬಿಟ್ಟರೆ ಆ ಅಂಚು ಅದನ್ನು ಅಗಲಕ್ಕೆ ಒತ್ತುತ್ತದೆ. ಪ್ರೂಸಾಸ್ಲೈಸರ್‌ನಲ್ಲಿ `Spiral vase` ಗುರುತು ಹಾಕಿ, `External perimeters` ಅಗಲವನ್ನು 0.6 ಎಂದು ಬರೆಯಿರಿ. ಕ್ಯೂರಾದಲ್ಲಿ ಅದೇ ಕೆಲಸಕ್ಕೆ `Spiralize Outer Contour` ಇದೆ. ಅದರ ಜೊತೆಯ `Smooth Spiralized Contours` ಅನ್ನು ಎಸಳು ಸಣ್ಣದಿದ್ದಾಗ ಆಫ್ ಮಾಡಿಬಿಡಿ, ಸೂಕ್ಷ್ಮ ಅಂಚುಗಳನ್ನು ಅದು ಮಬ್ಬು ಮಾಡುತ್ತದೆ. ಪದರ 0.3 ಇಡಿ. ಇಪ್ಪತ್ತು ಹೂದಾನಿ ಎಂದರೆ ಸಮಯ ಉಳಿಸಲೇಬೇಕು.

ಕೊಪ್ಪಳ ಪಾಠಮನೆ
0.6 ಸರಿ. ವಾಲಿದ ಗೋಡೆಯ ನಿಜವಾದ ದಪ್ಪ ಗೆರೆಯ ಅಗಲಕ್ಕಿಂತ ಕಡಿಮೆ ಇರುತ್ತದೆ ಎಂಬುದಕ್ಕೂ ಇದು ಔಷಧ. ಹಳೆಯ ಹೂದಾನಿಯ ಮಗ್ಗುಲಿನಲ್ಲಿ 0.45 ಎಳೆ 62 ಡಿಗ್ರಿ ವಾಲಿ 0.21 ಮಿಮೀಗೆ ಇಳಿದಿತ್ತು, ಟಾರ್ಚಿನ ಬೆಳಕು ಹಾಯ್ದದ್ದು ಅಲ್ಲಿಂದ. ಹೊಸದರಲ್ಲಿ 0.6 ಎಳೆ 37 ಡಿಗ್ರಿಯಲ್ಲಿ 0.48 ಉಳಿಯುತ್ತದೆ.

ಪದರ 0.3ರ ಬಗ್ಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. 0.76ನ್ನು 0.3ರಿಂದ ಗುಣಿಸಿದರೆ ಸರಿತ 0.23, ಅಗಲದ ಶೇ 38. ನನ್ನ ಮೂರನೇ ಒಂದು ಪಾಲನ್ನು ಸ್ವಲ್ಪ ದಾಟುತ್ತದೆ. 0.2ರಲ್ಲಿ ಅದು ಶೇ 25. ನೀರು ನಿಲ್ಲಬೇಕಾದ ಪಾತ್ರೆಗೆ ನಾನು 0.2ನ್ನೇ ಆರಿಸುತ್ತೇನೆ.

ಸಿರುಗುಪ್ಪ ಕಾರ್ಯಾಗಾರ
ನನ್ನ ಅನುಭವ ಬೇರೆ. ದಪ್ಪ ಎಳೆ ಹೆಚ್ಚು ಬಿಸಿಯನ್ನು ಹೊತ್ತು ಬರುತ್ತದೆ, ಕೆಳಗಿನ ಎಳೆಯೊಂದಿಗೆ ಚೆನ್ನಾಗಿ ಬೆಸೆದುಕೊಳ್ಳುತ್ತದೆ. 0.3ರಲ್ಲಿ ಮಾಡಿದವುಗಳಲ್ಲಿ ನೀರು ನಿಂತಿದೆ. ಆದರೆ ಅವುಗಳ ವಾಲು ಇಷ್ಟಿರಲಿಲ್ಲ, ಅದನ್ನೂ ಹೇಳಬೇಕು. ಸುತ್ತಳತೆ ಸರಾಸರಿ 310 ಮಿಮೀ ಹಿಡಿಯಿರಿ. 0.3 ಪದರಕ್ಕೆ 600 ಸುತ್ತು, ಸೆಕೆಂಡಿಗೆ 40 ಮಿಮೀ ವೇಗದಲ್ಲಿ ಒಂದು ಗಂಟೆ ಹದಿನೇಳು ನಿಮಿಷ. 0.2 ಆದರೆ 900 ಸುತ್ತು, ಎರಡು ಗಂಟೆಗೆ ಸಮೀಪ. ಇಪ್ಪತ್ತಕ್ಕೆ ಗುಣಿಸಿ ನೋಡಿ. ಅದರ ನಡುವೆ ಕರೆಂಟ್ ಹೋದರೆ ಆ ಹೂದಾನಿ ಮುಗಿದಂತೆಯೇ. ನಿಂತ ಜಾಗದಿಂದ ಮುಂದುವರಿಸಿದರೂ ಒಂಟಿ ಗೋಡೆಯ ಮೇಲೆ ಗಂಟು ಉಳಿದುಬಿಡುತ್ತದೆ.

ಗಂಗಾವತಿ ಹೂವಿನಂಗಡಿ
ಎರಡನ್ನೂ ಮುದ್ರಿಸಿದೆ. 0.2ರದ್ದರಲ್ಲಿ ಒಳಗೂ ಹೊರಗೂ ಒಂದು ದಾರವೂ ಜೋತಿಲ್ಲ, ಬೆರಳಿಗೆ ಎಲ್ಲ ಕಡೆ ಒಂದೇ ನಯ. 0.3ರದ್ದೂ ನಿಂತಿದೆ, ಆದರೆ ತಳದಿಂದ ಎರಡು ಬೆರಳು ಮೇಲೆ ಹೊರಮಗ್ಗುಲಿನಲ್ಲಿ ಸ್ವಲ್ಪ ಒರಟು. ಪಾಠಮನೆಯವರು ಕಷ್ಟದ ಜಾಗ ಎಂದದ್ದು ಅಲ್ಲೇ. ನಾಲ್ಕು ಪದರದ ತಳವೂ ಸೇರಿ ತೂಕ 46 ಗ್ರಾಂ.

ಎರಡಕ್ಕೂ ನೀರು ತುಂಬಿ ರಾತ್ರಿಯಿಡೀ ವೃತ್ತಪತ್ರಿಕೆಯ ಮೇಲೆ ಇಟ್ಟಿದ್ದೆ. ಮಗ್ಗುಲುಗಳು ಎರಡರಲ್ಲೂ ಒಣಗಿವೆ. ಆದರೆ ತಳ ಮತ್ತು ಗೋಡೆ ಸೇರುವ ಕಡೆ ಎರಡರಲ್ಲೂ ಕಾಗದ ಒದ್ದೆಯಾಗಿದೆ, ಒಂದೇ ಜಾಗದಲ್ಲಲ್ಲ, ಸುತ್ತ ಅಲ್ಲಲ್ಲಿ.

ಕಿನ್ನಾಳದ ಹುಡುಗಿ
ನೀರಿನ ಬದಲು ಒಳಗೆ ಬೇರೆ ಕೊಳವೆ ಇಟ್ಟುಬಿಡಿ. ಬಾಯಿಯ ತ್ರಿಜ್ಯ 31ರಲ್ಲಿ ಎಸಳಿನ ತಗ್ಗು 4 ಕಳೆದರೆ 27, ಗೋಡೆಯನ್ನೂ ಬಿಟ್ಟರೆ 53 ಮಿಮೀ ಅಗಲದ ಕೊಳವೆ ನೆಟ್ಟಗೆ ಇಳಿಯುತ್ತದೆ. ಇಷ್ಟು ಹಗುರವಾದ ಹೂದಾನಿಗೆ ಸುಗಂಧರಾಜದ ಉದ್ದನೆಯ ಕಡ್ಡಿಗಳನ್ನು ಹಾಕಿದರೆ ಫ್ಯಾನ್ ಗಾಳಿಗೇ ಉರುಳುತ್ತದೆ. ಕೊಳವೆಯ ಸುತ್ತ ಉಸುಕು ತುಂಬಿದರೆ ಆ ಚಿಂತೆಯೂ ಇಲ್ಲ. ನನ್ನ ದೀಪದ ಹೊದಿಕೆ 180 ಡಿಗ್ರಿಯಲ್ಲಿ ಚೆನ್ನಾಗಿ ಬಂತು, ಮೂಲೆಗಳು ಒಂದೂ ಹರಿದಿಲ್ಲ. ಬಣ್ಣ ಹಚ್ಚುವ ಕೆಲಸ ಶುರುವಾಗಿದೆ.

ಶಕ್ತಿನಗರ ಸಂಜೆ
ಇಪ್ಪತ್ತನ್ನೂ ಮದುವೆಯ ಮನೆಗೆ ಒಯ್ಯುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡ ತಮ್ಮಾ. ಪಿಎಲ್‌ಎ 60 ಡಿಗ್ರಿಯ ಸುತ್ತ ಮೆತ್ತಗಾಗುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ ಗಾಜು ಮುಚ್ಚಿದ ಕಾರು ಅಷ್ಟು ಕಾಯುವುದು ಕಷ್ಟವೇನಲ್ಲ. ನನ್ನ ಎರಡು ಮುದ್ರಣಗಳು ಹಾಗೆ ಬಾಗಿಹೋದವು, ಅವುಗಳ ಗೋಡೆ ಇದಕ್ಕಿಂತ ದಪ್ಪವಿತ್ತು.

ಕೊಪ್ಪಳ ಪಾಠಮನೆ
ತಳದ ಸೋರಿಕೆಗೆ ನನ್ನ ಊಹೆ ಹೇಳುತ್ತೇನೆ, ಖಚಿತ ಎಂದು ತೆಗೆದುಕೊಳ್ಳಬೇಡಿ. ತಳದ ಪದರಗಳು ಮುಗಿದು ಸುರುಳಿ ಆರಂಭವಾಗುವ ಜಾಗದಲ್ಲೇ ಗೋಡೆ 37 ಡಿಗ್ರಿ ಹೊರಕ್ಕೆ ಓಡುತ್ತಿದೆ. ತಳವನ್ನು ಗೋಡೆಗೆ ಕಟ್ಟುವ ಮೊದಲ ಕೆಲವು ಸುತ್ತುಗಳು ಪೂರ್ತಿ ಮೈಯೂರಿ ಕೂರುತ್ತಿಲ್ಲ. ಎಸಳಿನ ಆಳ ತಳದಲ್ಲಿ ಸೊನ್ನೆಯಿಂದ ಆರಂಭವಾಗಿ 20 ಮಿಮೀ ಎತ್ತರದಲ್ಲಿ 4 ತಲುಪುವಂತೆ ಮಾಡಬಹುದು. ಆಗ ತಳದಲ್ಲಿ ಗೋಡೆ ಬರಿಯ ದುಂಡು, ತಿರುವಿನ ವಾಲು ಅಲ್ಲಿ ಇರುವುದಿಲ್ಲ. ಆದರೆ ಎಸಳಿನ ತುದಿ ಹಿಗ್ಗುವುದರಿಂದಲೇ ಅಲ್ಲಿ ಪ್ರತಿ ಮಿಮೀಗೆ 0.2 ಹೊಸ ವಾಲು ಹುಟ್ಟುತ್ತದೆ. ಅದು ಹೂದಾನಿಯ 0.27ಕ್ಕೆ ಕೂಡಿ 0.47.

ಸಿರುಗುಪ್ಪ ಕಾರ್ಯಾಗಾರ
ನನಗೆ ಅದು ವಾಲಿನ ದೋಷ ಎಂದು ಅನಿಸುವುದಿಲ್ಲ. ವಾಲೇ ಕಾರಣವಾಗಿದ್ದರೆ 0.2ರದ್ದು 0.3ರದ್ದಕ್ಕಿಂತ ಕಡಿಮೆ ಸೋರಬೇಕಿತ್ತು, ಎರಡೂ ಒಂದೇ ಸಮ ಸೋರಿವೆ. ತಳದ ತುಂಬಣದ ಗೆರೆಗಳು ಅಂಚಿನ ಗೆರೆಯನ್ನು ಸರಿಯಾಗಿ ಮುಟ್ಟುತ್ತಿಲ್ಲ. `Infill/perimeters overlap` ಹೆಚ್ಚಿಸಿ, ತಳವನ್ನು ಆರು ಪದರ ಮಾಡಿ ನೋಡಿ.

ಕೊಪ್ಪಳ ಪಾಠಮನೆ
ಆ ಮಾತಿನಲ್ಲಿ ತೂಕವಿದೆ, ಎರಡೂ ಸಮನಾಗಿ ಸೋರಿದ್ದನ್ನು ನಾನು ಗಮನಿಸಬೇಕಿತ್ತು. ಒಂದನ್ನು ನಿಮ್ಮ ಹಾಗೆ, ಇನ್ನೊಂದನ್ನು ಆಳ ಏರಿಸುವ ಹಾಗೆ, ಬೇರೇನನ್ನೂ ಬದಲಿಸದೆ ಕೆಳಗಿನ 40 ಮಿಮೀ ಮಾತ್ರ ಮುದ್ರಿಸಿದರೆ ಸಾಕು. ನೀರಿಗೆ ಸ್ವಲ್ಪ ನೀಲಿ ಶಾಯಿ ಬೆರೆಸಿ, ಕಾಗದದ ಮೇಲೆ ಕಲೆ ಎಸಳಿನ ಮಗ್ಗುಲಿನ ಕೆಳಗೇ ಬೀಳುತ್ತದೆಯೋ, ಇಡೀ ಅಂಚಿನಲ್ಲೋ ನೋಡೋಣ.

ಗಂಗಾವತಿ ಹೂವಿನಂಗಡಿ
ಮೊದಲ ಆರು ಹೂದಾನಿಗಳು ನಾಳೆ ಸಂಜೆಯೊಳಗೆ ಬೇಕಾಗಿರುವುದರಿಂದ ಕಿನ್ನಾಳದ ಅಕ್ಕ ಹೇಳಿದಂತೆ ಒಳಗೆ ಕೊಳವೆ, ಸುತ್ತ ಉಸುಕು ಹಾಕಿ ಕಳಿಸುತ್ತೇನೆ. ಪದರ 0.2ನ್ನೇ ಇಟ್ಟುಕೊಂಡಿದ್ದೇನೆ. 40 ಮಿಮೀ ತುಂಡುಗಳೆರಡನ್ನು ರವಿವಾರ ಮುದ್ರಿಸಿ, ಕಲೆ ಬಿದ್ದ ಕಾಗದದ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ.